ಹನ್ನೊಂದು ಸಾಲೋ, ಇಪ್ಪತ್ತು ಸಾಲೋ? ಸಮಾಂತರ ಶ್ರೇಢಿಯ ಮೊತ್ತ ಮತ್ತು ಪದಗಳ ಸಂಖ್ಯೆ

ಪ್ರಶ್ನೆ: ಹತ್ತನೇ ತರಗತಿಯಲ್ಲಿರುವ ನನ್ನ ಮಗಳಿಗೆ ಶಾಲೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಎರಡೂ ಕಡೆಯಿಂದ ಕಿರಿದಾಗುತ್ತ ಹೋಗುವ ಜಮೀನಿನಲ್ಲಿ ಮೊದಲ ಸಾಲಿಗೆ 30 ಅಡಿಕೆ ಸಸಿ, ಮುಂದಿನ ಒಂದೊಂದು ಸಾಲಿಗೂ 2 ಸಸಿ ಕಡಿಮೆ. ಒಟ್ಟು 220 ಸಸಿ ನೆಟ್ಟರೆ ಎಷ್ಟು ಸಾಲು ಆಗುತ್ತದೆ? ಸೂತ್ರ ಹಾಕಿದರೆ 11 ಮತ್ತು 20 ಎಂದು ಎರಡು ಉತ್ತರ ಬರುತ್ತಿದೆ. ಟೀಚರ್ 11 ಮಾತ್ರ ಸರಿ ಎಂದರಂತೆ. 20 ಯಾಕೆ ತಪ್ಪು? ಆ ಸೂತ್ರವಾದರೂ ಎಲ್ಲಿಂದ ಬಂತು? ಹೇಳಿಕೊಡೋಣವೆಂದರೆ ನನಗೇ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಮಗಳು ಲೆಕ್ಕ ಮಾಡುವುದರಲ್ಲಿ ತಪ್ಪಿಲ್ಲ. 20 ಎಂಬುದು ಸಮೀಕರಣಕ್ಕೆ ಸರಿಯಾದ ಉತ್ತರವೇ; ಆದರೆ ಅದು ಜಮೀನಿಗೆ ಹೊಂದುವ ಉತ್ತರವಲ್ಲ. ಈ ವ್ಯತ್ಯಾಸ ತಿಳಿಯಬೇಕಾದರೆ ಮೊದಲು ಸೂತ್ರ ಹುಟ್ಟುವ ಬಗೆಯನ್ನು ನೋಡಬೇಕು, ಏಕೆಂದರೆ ಎರಡು ಉತ್ತರಗಳು ಬರುವ ಕಾರಣ ಆ ಸೂತ್ರದೊಳಗೇ ಇದೆ.

ಅಕ್ಷರಗಳನ್ನು ಸದ್ಯಕ್ಕೆ ಬದಿಗಿಟ್ಟು, 11 ಸಾಲುಗಳ ಸಸಿಗಳನ್ನು ಒಂದು ಹಾಳೆಯ ಮೇಲೆ ಅಡ್ಡಲಾಗಿ ಬರೆಯಿರಿ. ಅದರ ಕೆಳಗೆ ಅವೇ ಸಂಖ್ಯೆಗಳನ್ನು ಕೊನೆಯಿಂದ ಮೊದಲಿಗೆ, ಹಿಂದುಮುಂದಾಗಿ ಬರೆಯಿರಿ.

```
30  28  26  24  22  20  18  16  14  12  10
10  12  14  16  18  20  22  24  26  28  30
```

ಈಗ ಮೇಲಿನದನ್ನೂ ಅದರ ನೇರ ಕೆಳಗಿನದನ್ನೂ ಕೂಡಿದರೆ ಪ್ರತಿ ಜಾಗದಲ್ಲಿಯೂ 40 ಬರುತ್ತದೆ. ಇದು ಕಾಕತಾಳೀಯವಲ್ಲ. ಎಡದಿಂದ ಬಲಕ್ಕೆ ಒಂದು ಹೆಜ್ಜೆ ಸರಿದಾಗ ಮೇಲಿನ ಸಂಖ್ಯೆ 2 ಕಡಿಮೆಯಾಗುತ್ತದೆ, ಕೆಳಗಿನ ಸಂಖ್ಯೆ ಅಷ್ಟೇ ಹೆಚ್ಚಾಗುತ್ತದೆ. ಒಂದರ ನಷ್ಟವನ್ನು ಇನ್ನೊಂದು ತುಂಬಿಕೊಡುವುದರಿಂದ ಜೋಡಿಯ ಮೊತ್ತ ಕದಲುವುದೇ ಇಲ್ಲ. ಹೀಗೆ 40ರ ಹನ್ನೊಂದು ಜೋಡಿಗಳು ಸಿಕ್ಕವು, ಅಂದರೆ 440. ಆದರೆ ನಾವು ತೋಟವನ್ನು ಎರಡು ಸಲ ಎಣಿಸಿದ್ದೇವೆ, ಮೇಲೊಮ್ಮೆ ಮತ್ತು ಕೆಳಗೊಮ್ಮೆ. ಆದ್ದರಿಂದ ಅದರಲ್ಲಿ ಅರ್ಧ ತೆಗೆದುಕೊಂಡರೆ 220.

ಕೆಲವರು ಮೊದಲನೆಯದಕ್ಕೆ ಕೊನೆಯದು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು ಎಂದು ಒಂದೇ ಸಾಲನ್ನು ಮಡಚಿ ಜೋಡಿ ಮಾಡುತ್ತಾರೆ. ಅದೂ ಸರಿಯೇ, ಆದರೆ ಇಲ್ಲಿಯಂತೆ ಬೆಸ ಸಂಖ್ಯೆಯ ಪದಗಳಿದ್ದರೆ ನಡುವಿನ 20 ಒಂಟಿಯಾಗಿ ಉಳಿಯುತ್ತದೆ, ಮಕ್ಕಳು ಅಲ್ಲಿ ಗಲಿಬಿಲಿಗೊಳ್ಳುತ್ತಾರೆ. ಹಿಂದುಮುಂದಾಗಿ ಬರೆದು ಕೂಡುವ ಕ್ರಮದಲ್ಲಿ ಪದಗಳು ಸಮವೋ ಬೆಸವೋ ಎಂಬ ಚಿಂತೆಯೇ ಇಲ್ಲ. ಹೇಳಿಕೊಡುವಾಗ ಇದೇ ಒಳ್ಳೆಯದೆಂದು ನನ್ನ ಅನುಭವ.

ಇನ್ನು ಇದನ್ನೇ ಅಕ್ಷರಗಳಲ್ಲಿ ಬರೆಯೋಣ. ಮೊದಲ ಪದ a, ಸಾಮಾನ್ಯ ವ್ಯತ್ಯಾಸ d, ಕೊನೆಯ ಪದ l, ಪದಗಳ ಸಂಖ್ಯೆ n, ಮೊತ್ತ S ಎಂದಿರಲಿ.

```
S  = a + (a + d) + ... + (l − d) + l
S  = l + (l − d) + ... + (a + d) + a
2S = n(a + l)
```

ಎರಡನೆಯ ಜೋಡಿಯನ್ನು ಗಮನಿಸಿ: ಮೇಲೆ a + d, ಕೆಳಗೆ l − d. ಕೂಡಿದಾಗ d ಅಳಿಸಿಹೋಗಿ a + l ಉಳಿಯುತ್ತದೆ. ಮುಂದಿನ ಎಲ್ಲ ಜೋಡಿಗಳಲ್ಲಿಯೂ ಇದೇ ನಡೆಯುತ್ತದೆ. ಹಾಗಾಗಿ S = n(a + l)/2. ಮೊದಲ ಪದ ಮತ್ತು ಕೊನೆಯ ಪದಗಳ ಸರಾಸರಿಯನ್ನು ಪದಗಳ ಸಂಖ್ಯೆಯಿಂದ ಗುಣಿಸಬೇಕು ಎಂಬುದೇ ಇದರ ಅರ್ಥ. ನಮ್ಮ ತೋಟದಲ್ಲಿ ಆ ಸರಾಸರಿ 20, ಸಾಲುಗಳು 11. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಈ ಸರಾಸರಿಗೆ ‘ಮಧ್ಯಧನ’ವೆಂದೂ ಪದಗಳ ಸಂಖ್ಯೆಗೆ ‘ಗಚ್ಛ’ವೆಂದೂ ಹೆಸರಿಟ್ಟು, ಒಂದನ್ನು ಇನ್ನೊಂದರಿಂದ ಗುಣಿಸಿದರೆ ‘ಸರ್ವಧನ’ ಸಿಗುತ್ತದೆ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕದ ‘ಶ್ರೇಢಿ’ ಎಂಬ ಪದವೂ ಅದೇ ಪರಂಪರೆಯಿಂದ ಬಂದದ್ದು.

ಆದರೆ ನಿಮ್ಮ ಲೆಕ್ಕದಲ್ಲಿ ಕೊನೆಯ ಸಾಲಿನಲ್ಲಿ ಎಷ್ಟು ಸಸಿಗಳಿವೆ ಎಂದು ಹೇಳಿಲ್ಲ. ಅದನ್ನು n ಮೂಲಕವೇ ಬರೆಯಬೇಕು. ಹನ್ನೊಂದನೆಯ ಸಾಲನ್ನು ತಲುಪಲು ಮೊದಲ ಸಾಲಿನಿಂದ ಹತ್ತು ಹೆಜ್ಜೆ ಸಾಕು, ಏಕೆಂದರೆ ಹನ್ನೊಂದು ಸಾಲುಗಳ ನಡುವೆ ಹತ್ತೇ ಅಂತರಗಳಿರುತ್ತವೆ. ಹಾಗೆಯೇ n ಸಾಲುಗಳಿಗೆ n − 1 ಹೆಜ್ಜೆ; ಆದ್ದರಿಂದ l = a + (n − 1)d. ಇದನ್ನು ಮೇಲಿನ ಸೂತ್ರದಲ್ಲಿ l ಇದ್ದ ಜಾಗಕ್ಕೆ ಇಟ್ಟರೆ ಪುಸ್ತಕದಲ್ಲಿರುವ ರೂಪ ಸಿಗುತ್ತದೆ.

```
S = (n/2) [2a + (n − 1)d]
```

ಸೂತ್ರದಲ್ಲಿ n ಎರಡು ಕಡೆ ಇರುವುದನ್ನು ಮಗಳಿಗೆ ಬೆರಳಿಟ್ಟು ತೋರಿಸಿ. ಆವರಣದ ಹೊರಗೆ ಒಂದು, ಒಳಗೆ ಒಂದು. ಹೊರಗಿನದು ಎಷ್ಟು ಸಾಲುಗಳು ಎಂಬುದನ್ನು ಹೇಳುತ್ತದೆ, ಒಳಗಿನದು ಕೊನೆಯ ಸಾಲು ಎಷ್ಟು ದೂರ ಇಳಿದಿದೆ ಎಂಬುದನ್ನು. ಬಿಡಿಸಿ ಬರೆದಾಗ ಅವೆರಡೂ ಗುಣಾಕಾರವಾಗಿ n² ಬರುತ್ತದೆ. ಮೊತ್ತ ಕೊಟ್ಟು n ಕೇಳುವ ಲೆಕ್ಕಗಳೆಲ್ಲ ವರ್ಗ ಸಮೀಕರಣಕ್ಕೆ ಬಂದು ನಿಲ್ಲುವುದೂ, ಅವುಗಳಿಗೆ ಎರಡು ಮೂಲಗಳು ಇರುವುದೂ ಇದರಿಂದಲೇ.

ಈಗ ಬೆಲೆಗಳನ್ನು ಹಾಕೋಣ. a = 30. ಸಸಿಗಳು ಕಡಿಮೆಯಾಗುತ್ತ ಹೋಗುವುದರಿಂದ d = −2; ಈ ಋಣ ಚಿಹ್ನೆಯನ್ನು ಮರೆತರೆ ಉಳಿದ ಕೆಲಸವೆಲ್ಲ ವ್ಯರ್ಥ. 220 ಎಂಬುದು ಒಟ್ಟು ಸಸಿಗಳು, ಆದ್ದರಿಂದ ಅದು S. ಎಷ್ಟೋ ಮಕ್ಕಳು ದೊಡ್ಡ ಸಂಖ್ಯೆ ಕಂಡ ಕೂಡಲೇ ಅದನ್ನು n ನೇ ಪದವೆಂದು ಭಾವಿಸಿ a + (n − 1)d = 220 ಎಂದು ಬರೆದುಬಿಡುತ್ತಾರೆ. ಪ್ರಶ್ನೆಯಲ್ಲಿ ‘ಒಟ್ಟು’, ‘ಎಲ್ಲ ಸೇರಿ’ ಎಂಬ ಮಾತಿದೆಯೇ ಅಥವಾ ‘ಕೊನೆಯ ಸಾಲಿನಲ್ಲಿ’, ‘ಇಷ್ಟನೆಯ ದಿನ’ ಎಂಬ ಮಾತಿದೆಯೇ ಎಂದು ನೋಡಿದರೆ ಈ ಗೊಂದಲ ಇರುವುದಿಲ್ಲ.

```
220 = (n/2) [60 − 2(n − 1)]
220 = (n/2) (62 − 2n)
220 = n(31 − n)
n² − 31n + 220 = 0
(n − 11)(n − 20) = 0
```

ಮೂರನೆಯ ಸಾಲಿನಲ್ಲಿ ಒಂದು ಹಳ್ಳವಿದೆ. n(31 − n) = 220 ಎಂದು ಬಂದಾಗ ಕೆಲವು ಮಕ್ಕಳು n = 220 ಅಥವಾ 31 − n = 220 ಎಂದು ಬರೆದಿದ್ದನ್ನು ನಾನು ಉತ್ತರ ಪತ್ರಿಕೆಗಳಲ್ಲಿ ನೋಡಿದ್ದೇನೆ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ ಮಾತ್ರ ಅವುಗಳಲ್ಲಿ ಒಂದು ಸೊನ್ನೆಯಾಗಿರಲೇಬೇಕು ಎನ್ನಬಹುದು. ಗುಣಲಬ್ಧ 220 ಆದಾಗ ಅಂಥ ಯಾವ ಬಲವಂತವೂ ಇಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ತಂದು, ಇನ್ನೊಂದು ಕಡೆ ಸೊನ್ನೆ ಮಾಡಿದ ಮೇಲೆಯೇ ಅಪವರ್ತಿಸಬೇಕು. ಗುಣಿಸಿದರೆ 220, ಕೂಡಿದರೆ 31 ಆಗುವ ಸಂಖ್ಯೆಗಳು 11 ಮತ್ತು 20.

ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. 20 ಸಾಲು ಎಂದರೆ ನಿಜವಾಗಿ ಏನಾಗುತ್ತದೆ ಎಂದು ಬರೆದೇ ನೋಡೋಣ. ಹನ್ನೊಂದನೆಯ ಸಾಲಿನಲ್ಲಿ 10 ಸಸಿಗಳಿದ್ದವು. ಹನ್ನೆರಡನೆಯ ಸಾಲಿನಿಂದ ಇಪ್ಪತ್ತನೆಯ ಸಾಲಿನವರೆಗೆ ಪದಗಳು ಹೀಗಿರುತ್ತವೆ.

```
8   6   4   2   0   −2   −4   −6   −8
```

ಈ ಒಂಬತ್ತು ಪದಗಳ ಮೊತ್ತ ಸೊನ್ನೆ. ಹನ್ನೊಂದು ಸಾಲುಗಳಿಗೆ 220 ಆಗಿತ್ತು, ಅದಕ್ಕೆ ಸೊನ್ನೆ ಸೇರಿಸಿದರೂ 220ವೇ; ಆದ್ದರಿಂದ ಇಪ್ಪತ್ತು ಪದಗಳ ಮೊತ್ತವೂ 220. ಸಮೀಕರಣಕ್ಕೆ ಸಸಿಯೂ ಗೊತ್ತಿಲ್ಲ, ಜಮೀನೂ ಗೊತ್ತಿಲ್ಲ. ಎರಡೆರಡು ಕಳೆಯುತ್ತ ಹೋಗು ಎಂದರೆ ಅದು ಸೊನ್ನೆಯನ್ನು ದಾಟಿ ಕೆಳಗಿಳಿಯುತ್ತಲೇ ಇರುತ್ತದೆ. ಹದಿನೇಳನೆಯ ಸಾಲಿನಲ್ಲಿ ‘ಋಣ ಎರಡು’ ಸಸಿಗಳನ್ನು ನೆಡಲು ಯಾರಿಂದಲೂ ಸಾಧ್ಯವಿಲ್ಲ ಎಂಬುದನ್ನು ನಾವು ನಮ್ಮ ತಿಳಿವಳಿಕೆಯಿಂದ ಸೇರಿಸಬೇಕು. 20ನ್ನು ಬಿಡುವುದು ಅದಕ್ಕಾಗಿಯೇ ಹೊರತು, ಅದು ದೊಡ್ಡ ಸಂಖ್ಯೆ ಎಂದಲ್ಲ. ‘ಚಿಕ್ಕದನ್ನು ಇಟ್ಟುಕೊಂಡು ದೊಡ್ಡದನ್ನು ಬಿಡು’ ಎಂದು ಬಾಯಿಪಾಠ ಮಾಡಿಕೊಂಡವರಿಗೆ ಮುಂದೆ ಪೆಟ್ಟು ಬೀಳುತ್ತದೆ.

ಹೇಗೆಂದರೆ, ಇದೇ ಲೆಕ್ಕದಿಂದ ತೋಟವನ್ನು ತೆಗೆದುಹಾಕಿ ‘30, 28, 26, … ಶ್ರೇಢಿಯ ಎಷ್ಟು ಪದಗಳ ಮೊತ್ತ 220 ಆಗುತ್ತದೆ?’ ಎಂದಷ್ಟೇ ಕೇಳಿದರೆ 11 ಮತ್ತು 20 ಎರಡೂ ಸರಿಯುತ್ತರಗಳು. ಬರೀ ಸಂಖ್ಯೆಗಳಿಗೆ ಋಣವಾಗಲು ಯಾವ ಅಡ್ಡಿಯೂ ಇಲ್ಲ. ಅಲ್ಲಿ 20ನ್ನು ಬಿಟ್ಟರೆ ಉತ್ತರ ಅಪೂರ್ಣ. ಇಲ್ಲಿ 20ನ್ನು ಉಳಿಸಿಕೊಂಡರೆ ತಪ್ಪು. ಆದ್ದರಿಂದ ಎರಡನೆಯ ಮೂಲವನ್ನು ಬಿಡುವಾಗ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯುವುದು ಅಗತ್ಯ: ‘n = 20 ಆದರೆ ಇಪ್ಪತ್ತನೆಯ ಸಾಲಿನ ಸಸಿಗಳು 30 + 19 × (−2) = −8 ಆಗುತ್ತವೆ; ಸಸಿಗಳ ಸಂಖ್ಯೆ ಋಣವಾಗಿರಲು ಸಾಧ್ಯವಿಲ್ಲ, ಆದ್ದರಿಂದ n = 11.’ ಇನ್ನೂ ಚೆನ್ನಾದ ಅಭ್ಯಾಸವೆಂದರೆ ಸಮೀಕರಣವನ್ನು ಬಿಡಿಸುವ ಮೊದಲೇ n ಎಲ್ಲಿಯವರೆಗೆ ಹೋಗಬಹುದು ಎಂದು ನೋಡಿಕೊಳ್ಳುವುದು. ಕೊನೆಯ ಸಾಲಿನಲ್ಲಿ ಸಸಿ ಇರಬೇಕಾದರೆ 30 − 2(n − 1) ಎಂಬುದು ಸೊನ್ನೆಗಿಂತ ಹೆಚ್ಚಿರಬೇಕು, ಅಂದರೆ n 16ಕ್ಕಿಂತ ಕಡಿಮೆ ಇರಬೇಕು. ಈ ಜಮೀನಿನಲ್ಲಿ 15 ಸಾಲುಗಳಿಗಿಂತ ಹೆಚ್ಚು ಹಿಡಿಸುವುದೇ ಇಲ್ಲ ಎಂದು ಮೊದಲೇ ಗೊತ್ತಿದ್ದರೆ 20 ಕಂಡಾಗ ಗಾಬರಿಯಾಗಬೇಕಿಲ್ಲ.

ಪದಗಳು ಏರುತ್ತ ಹೋಗುವ ಲೆಕ್ಕಗಳಲ್ಲಿ ಸಂಗತಿ ಸರಳ. ಲೀಲಾವತಿಯಲ್ಲಿಯೇ ಅಂಥದೊಂದು ಲೆಕ್ಕವಿದೆ. ಒಬ್ಬಾತ ಮೊದಲ ದಿನ 3 ದ್ರಮ್ಮಗಳನ್ನು ದಾನ ಮಾಡಿ, ಅಲ್ಲಿಂದ ದಿನಕ್ಕೆ ಎರಡೆರಡು ಹೆಚ್ಚಿಸುತ್ತ ಹೋಗುತ್ತಾನೆ. ದಾನದ ಒಟ್ಟು ಮೊತ್ತ 360 ದ್ರಮ್ಮ ಆಗಲು ಎಷ್ಟು ದಿನ ಬೇಕಾಯಿತು? ಇಲ್ಲಿ a = 3, d = 2, S = 360.

```
360 = (n/2) [6 + 2(n − 1)]
360 = n(n + 2)
n² + 2n − 360 = 0
(n − 18)(n + 20) = 0
```

ಮೂಲಗಳು 18 ಮತ್ತು −20. ಋಣ ದಿನಗಳಿಲ್ಲವಾದ್ದರಿಂದ ಉತ್ತರ 18 ದಿನ. ಮೊದಲ ಪದ ಮತ್ತು ವ್ಯತ್ಯಾಸ ಎರಡೂ ಧನವಾಗಿದ್ದರೆ ಮೊತ್ತ ಏರುತ್ತಲೇ ಹೋಗುವುದರಿಂದ ಅದೇ ಮೊತ್ತ ಎರಡನೆಯ ಸಲ ಬರಲು ಅವಕಾಶವಿಲ್ಲ. ಒಂದು ಮೂಲ ಯಾವಾಗಲೂ ಋಣವಾಗಿರುತ್ತದೆ. ತೋಟದ ಲೆಕ್ಕದಂತೆ ಎರಡು ಧನ ಮೂಲಗಳು ತಲೆಹಾಕುವುದು ಪದಗಳು ಇಳಿಯುತ್ತ ಹೋದಾಗ.

ಪ್ರತಿ ಸಲವೂ ಅಪವರ್ತನಗಳನ್ನು ಹುಡುಕುವುದು ನಿಮ್ಮ ಮಗಳಿಗೆ ಕಷ್ಟವೆನಿಸಿದರೆ ಆರ್ಯಭಟ ಹೇಳಿದ ದಾರಿಯೊಂದಿದೆ. 499ರ ಸುಮಾರಿನ ಆರ್ಯಭಟೀಯದ ಗಣಿತಪಾದದಲ್ಲಿ ಮೊತ್ತಕ್ಕೆ ಒಂದು ಶ್ಲೋಕ, ಗಚ್ಛ ಕಂಡುಹಿಡಿಯುವುದಕ್ಕೆಂದೇ ಅದರ ಮುಂದಿನ ಇನ್ನೊಂದು ಶ್ಲೋಕ ಇದೆ. ಮೊತ್ತವನ್ನು ಎಂಟರಿಂದಲೂ ವ್ಯತ್ಯಾಸದಿಂದಲೂ ಗುಣಿಸು, ಮೊದಲ ಪದದ ಎರಡರಷ್ಟರಿಂದ ವ್ಯತ್ಯಾಸವನ್ನು ಕಳೆದು, ಅದರ ವರ್ಗವನ್ನು ಸೇರಿಸು, ವರ್ಗಮೂಲ ತೆಗೆ, ಮೊದಲ ಪದದ ಎರಡರಷ್ಟನ್ನು ಕಳೆ, ವ್ಯತ್ಯಾಸದಿಂದ ಭಾಗಿಸು, ಒಂದು ಸೇರಿಸಿ ಅರ್ಧ ಮಾಡು. ಶ್ಲೋಕದ ಸಾರ ಇಷ್ಟೇ. ದಾನದ ಲೆಕ್ಕಕ್ಕೆ ಇದನ್ನು ಹಚ್ಚಿದರೆ 8 × 2 × 360 = 5760; 2 × 3 − 2 = 4, ಅದರ ವರ್ಗ 16; ಎರಡೂ ಸೇರಿ 5776; ವರ್ಗಮೂಲ 76; 76 − 6 = 70; 70 ÷ 2 = 35; 35 + 1 = 36; ಅರ್ಧ ಮಾಡಿದರೆ 18. ವರ್ಗ ಸಮೀಕರಣದ ಸೂತ್ರವನ್ನು ನಾವು ಇಂದು ಬಳಸಿದರೂ ಇದೇ ಸಂಖ್ಯೆಗಳು ಬೇರೆ ವೇಷದಲ್ಲಿ ಬರುತ್ತವೆ. ವರ್ಗಮೂಲದ ಧನ ಬೆಲೆಯನ್ನು ಮಾತ್ರ ಹಿಡಿಯುವುದರಿಂದ ಈ ದಾರಿಯಲ್ಲಿ ಒಂದೇ ಉತ್ತರ ಸಿಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ಸಮೀಕರಣದ ಹಂತಗಳನ್ನೇ ತೋರಿಸುವುದು ಲೇಸು.

ಮತ್ತೆ ತೋಟಕ್ಕೆ ಬರೋಣ. ಅದೇ ಜಮೀನು, ಅದೇ ಸಾಲುಗಳು. ಸಸಿಗಳ ಒಟ್ಟು ಸಂಖ್ಯೆಯನ್ನಷ್ಟೇ ಬದಲಾಯಿಸಿ ನೋಡಿದರೆ ಸಮೀಕರಣ ಎಷ್ಟು ಬಗೆಯ ಉತ್ತರ ಕೊಡುತ್ತದೆ ಎಂಬುದು ತಿಳಿಯುತ್ತದೆ. ಸಮೀಕರಣ ಪ್ರತಿ ಸಲವೂ n(31 − n) = S.

240 ಸಸಿಗಳಾದರೆ n = 15 ಮತ್ತು n = 16. ಇಲ್ಲಿ 16ನ್ನು ಬಿಡಲು ‘ಋಣ ಬರುತ್ತದೆ’ ಎಂಬ ಕಾರಣ ಹೊಂದುವುದಿಲ್ಲ, ಏಕೆಂದರೆ ಹದಿನಾರನೆಯ ಸಾಲಿನಲ್ಲಿ ಇರುವುದು ಸೊನ್ನೆ ಸಸಿ. ಒಂದೂ ಸಸಿ ಇಲ್ಲದ್ದನ್ನು ಸಾಲು ಎಂದು ಯಾರೂ ಎಣಿಸುವುದಿಲ್ಲ, ಆದ್ದರಿಂದ ಉತ್ತರ 15. ಕಾರಣದ ವಾಕ್ಯವನ್ನು ಒಂದು ಲೆಕ್ಕದಿಂದ ಇನ್ನೊಂದಕ್ಕೆ ಹಾಗೆಯೇ ನಕಲು ಮಾಡಿದರೆ ಸಿಕ್ಕಿಬೀಳುವುದು ಇಂಥ ಕಡೆಯಲ್ಲಿ.

250 ಸಸಿಗಳಾದರೆ n² − 31n + 250 = 0. ಇದರ ಶೋಧಕ, ಅಂದರೆ ವರ್ಗ ಸಮೀಕರಣದ ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯೊಳಗೆ ಬರುವ ಬೆಲೆ, 961 − 1000 = −39, ಋಣ. ವಾಸ್ತವ ಮೂಲಗಳೇ ಇಲ್ಲ. ಮಕ್ಕಳು ಇದನ್ನು ಕಂಡಾಗ ಎಲ್ಲೋ ತಪ್ಪಾಗಿದೆ ಎಂದು ಅಳಿಸಿ ಮತ್ತೆ ಮಾಡುತ್ತಾರೆ. ಅಳಿಸುವ ಮೊದಲು ಜಮೀನನ್ನು ಕೇಳಬೇಕು: ಹದಿನೈದು ಸಾಲುಗಳನ್ನು ತುಂಬಿದರೂ ಹಿಡಿಸುವುದು 240 ಮಾತ್ರ. 250 ಹಿಡಿಸುವುದಿಲ್ಲ ಎಂಬುದನ್ನೇ ಸಮೀಕರಣ ತನ್ನ ಭಾಷೆಯಲ್ಲಿ ಹೇಳುತ್ತಿದೆ.

ಕೊನೆಯದಾಗಿ 100 ಸಸಿಗಳು. ಈಗ n² − 31n + 100 = 0; ಶೋಧಕ 961 − 400 = 561. ಇದು ಪೂರ್ಣವರ್ಗವಲ್ಲ, ಇದರ ವರ್ಗಮೂಲ ಸುಮಾರು 23.69. ಚಿಕ್ಕ ಮೂಲ ಸುಮಾರು 3.66. ಸಾಲುಗಳ ಸಂಖ್ಯೆ ಪೂರ್ಣಾಂಕವಾಗಿರಬೇಕಾದ್ದರಿಂದ ‘ಸರಿಯಾಗಿ 100 ಸಸಿ ಹಿಡಿಸುವಂತೆ ಎಷ್ಟು ಪೂರ್ತಿ ಸಾಲು?’ ಎಂದು ಕೇಳಿದರೆ ಉತ್ತರವಿಲ್ಲ. 3.66 ಅನ್ನು 4 ಎಂದು ಪೂರ್ಣಗೊಳಿಸಿ ಬರೆಯುವುದು ತಪ್ಪು, ಏಕೆಂದರೆ ನಾಲ್ಕು ಸಾಲುಗಳಿಗೆ 4 × 27 = 108 ಸಸಿಗಳು ಬೇಕು. ಆದರೆ ‘ಎಷ್ಟು ಸಾಲು ಪೂರ್ತಿಯಾಗುತ್ತದೆ?’ ಎಂದು ಕೇಳಿದರೆ ಉತ್ತರ 3, ‘ಎಲ್ಲ ಸಸಿ ನೆಡಲು ಕನಿಷ್ಠ ಎಷ್ಟು ಸಾಲು ಬೇಕು?’ ಎಂದು ಕೇಳಿದರೆ ಉತ್ತರ 4. ಮೂರು ಸಾಲುಗಳಿಗೆ 30 + 28 + 26 = 84 ಸಸಿಗಳು ಮುಗಿದಿರುತ್ತವೆ, ಕೈಯಲ್ಲಿ 16 ಉಳಿದಿರುತ್ತವೆ; ನಾಲ್ಕನೆಯ ಸಾಲಿನಲ್ಲಿ ತೋಡಿದ 24 ಗುಂಡಿಗಳಲ್ಲಿ ಎಂಟು ಖಾಲಿ ಉಳಿಯುತ್ತವೆ.